ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಹೋದ ನಿಮ್ಮ ಫೋನು

(ಪೊನ್ನಂಪೇಟೆಯಲ್ಲಿ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ತಗಡಿನ ಶೀಟಿನ ಸದ್ದಿಗೆ ನನ್ನ ದನಿ ಕೇಳದಿದ್ದರೆ ಕೈ ಎತ್ತಿ.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಾನು ಕೆಲವು ವರ್ಷ ಒಂದು ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ಕೂತವನು. ಡಿಸ್‌ಪ್ಲೇ ಬದಲಿಸುವುದು, ಚಾರ್ಜಿಂಗ್ ಪಿನ್ ಹಾಕುವುದು, ಹಳೆ ಫೋನಿನಿಂದ ಹೊಸದಕ್ಕೆ ಡೇಟಾ ಹಾಕಿಕೊಡುವುದು ನನ್ನ ಕೆಲಸ. ಕೆಲಸ ಬಿಡುವ ವಾರ ಅಲ್ಲಿನ ಕಂಪ್ಯೂಟರ್ ನಿಧಾನವಾಗಿದೆ ಎಂದು ಡಿ ಡ್ರೈವ್ ತೆರೆದು ನೋಡಿದೆ. ಸಾಲು ಸಾಲು ಫೋಲ್ಡರ್. ‘ಅಮ್ಮ ನ್ಯೂ’, ‘ಟೀಚರ್ ರೆಡ್ ಫೋನ್’, ‘ಅರ್ಜೆಂಟ್ 2’. ಕೆಲವು ಮೂರು ವರ್ಷ ಹಳೆಯವು. ಎಲ್ಲವನ್ನೂ ಅಲ್ಲಿ ಇಟ್ಟವನು ನಾನೇ. ಒಬ್ಬರ ಫೋಟೋವನ್ನೂ ತೆರೆದು ನೋಡಿದವನಲ್ಲ, ಅದು ಬೇರೆ ಮಾತು. ಆದರೆ ಅವು ಅಲ್ಲಿದ್ದವು. ನನ್ನ ಹಿಂದೆ ಆ ಕುರ್ಚಿಗೆ ಯಾರು ಬರುತ್ತಾರೋ ನನಗೇನು ಗೊತ್ತು?

ಇದನ್ನು ಯಾಕೆ ಹೇಳಿದೆ ಅಂದರೆ, ಅಂಗಡಿಯವರು ನಿಮ್ಮ ಫೋಟೋ ಕದಿಯುತ್ತಾರೆ ಎಂದು ಹೆದರಿಸಲು ನಾನು ಬಂದಿಲ್ಲ. ಕದಿಯುವವರು ಕಮ್ಮಿ. ಮರೆಯುವವರು ಜಾಸ್ತಿ. ಮೇಜಿನ ಮೇಲೆ ಆರು ಫೋನು, ಎದುರಿಗೆ ಬಸ್ಸಿಗೆ ಹೊತ್ತಾಯಿತು ಎಂದು ನಿಂತ ಗಿರಾಕಿ, ಮಧ್ಯೆ ಕರೆಂಟ್ ಹೋಗುತ್ತದೆ. ಆ ಹುಡುಗನಿಗೆ ಕಾಪಿ ಮಾಡುವುದು ನೆನಪಿರುತ್ತದೆ, ಅಳಿಸುವುದು ಇರುವುದಿಲ್ಲ. ಹಾಗಾಗಿ ಅಳಿಸುವ ಕೆಲಸ ನಾವೇ ನೆನಪಿಟ್ಟು ಮಾಡಿಸಿಕೊಳ್ಳಬೇಕು.

ಹೋದ ವರ್ಷ ನನ್ನ ಹತ್ತಿರ ಬಂದ ಒಂದು ಫೋನಿನ ಕಥೆ ಹೇಳುತ್ತೇನೆ. ಅದೊಂದು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಹೆಸರು ಬೇಡ, ಅಕ್ಕ ಅಂತಲೇ ಕರೆಯುತ್ತೇನೆ. ಜೂನ್ ಮಳೆಯಲ್ಲಿ ತೋಟಕ್ಕೆ ಹೋದಾಗ ಅವರ ಹಳೆ ಫೋನಿಗೆ ನೀರು ಸೇರಿತು. ಸ್ಕ್ರೀನಿನಲ್ಲಿ ಗೆರೆ ಬಂತು. ಹೊಸ ಫೋನು ತಗೊಂಡರು, ಅದೇ ಅಂಗಡಿಯಲ್ಲಿ ಡೇಟಾ ಹಾಕಿಸಿಕೊಂಡರು. ಹಳೇದನ್ನು ಎಕ್ಸ್‌ಚೇಂಜಿಗೆ ಕೇಳಿದರಂತೆ. ಗೆರೆ ಬಿದ್ದ ಫೋನಿಗೆ ಕೊಡುವ ದುಡ್ಡು ತೀರಾ ಕಡಿಮೆ ಆಯಿತೆಂದು ಸಿಟ್ಟು ಮಾಡಿಕೊಂಡು ಮನೆಗೇ ತಂದಿಟ್ಟರು. ಆ ಸಿಟ್ಟೇ ಮುಂದೆ ಅವರನ್ನು ಕಾಪಾಡಿತು.

ಆಗಸ್ಟಿನಲ್ಲಿ ನನ್ನ ಹತ್ತಿರ ಬಂದರು. ಎರಡು ದೂರು. ಒಂದು, ಹೊಸ ಫೋನು ದಿನಾ ‘ಜಾಗ ತುಂಬಿದೆ’ ಅನ್ನುತ್ತದೆ. ಎರಡು, ಯಾರದ್ದೋ ನಂಬರ್‌ಗಳು ಬಂದು ಸೇರಿವೆ. ನೋಡಿದೆ. ‘ಜೆಸಿಬಿ ಸುಂಟಿಕೊಪ್ಪ’, ‘ಪೆಪ್ಪರ್ ಪಾರ್ಟಿ ಹೊಸದು’, ‘ಪಂದಿ ಡೆಲಿವರಿ’. ‘ಇವರೆಲ್ಲ ಯಾರಕ್ಕ?’ ಅಂದೆ. ‘ನಂಗೇನು ಗೊತ್ತಪ್ಪ, ಫೋನಿನ ಜೊತೆ ಫ್ರೀ ಬಂದಿರಬೇಕು’ ಅಂದರು. ಫೋಟೋಸ್ ಆಪ್ ತೆರೆದರೆ ಯಾರದೋ ಮಗುವಿನ ಹುಟ್ಟುಹಬ್ಬ. ಅಕ್ಕ ಅದನ್ನೂ ಫ್ರೀ ಎಂದುಕೊಂಡು ಒಂದೊಂದಾಗಿ ಅಳಿಸಲು ಶುರು ಮಾಡಿದ್ದರು. ‘ಅಕ್ಕಾ, ಕೈ ತೆಗೀರಿ’ ಅಂದೆ.

ಆಗಿದ್ದು ಇಷ್ಟು. ಹೊಸ ಆಂಡ್ರಾಯ್ಡ್ ಫೋನಿಗೆ ಒಂದು ಜಿಮೇಲ್ ಬೇಕು. ಅಕ್ಕನಿಗೆ ತಮ್ಮ ಜಿಮೇಲಿನ ಪಾಸ್‌ವರ್ಡ್ ನೆನಪಿರಲಿಲ್ಲ. ಅಂಗಡಿಯ ಹುಡುಗ ಸಹಾಯ ಮಾಡಲೆಂದೇ ಅಂಗಡಿಯ ಒಂದು ಜಿಮೇಲ್ ಹಾಕಿ ಫೋನು ಓಡುವ ಹಾಗೆ ಮಾಡಿಕೊಟ್ಟ. ಅದೇ ಜಿಮೇಲನ್ನು ಇನ್ನೂ ಹಲವರ ಫೋನಿಗೆ ಹಾಕಿದ್ದ. ಒಂದೇ ಖಾತೆ ಅಂದರೆ ಒಂದೇ ಪೆಟ್ಟಿಗೆ. ಅಕ್ಕನ ಕಾಂಟ್ಯಾಕ್ಟ್ ಆ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆಯಲ್ಲಿದ್ದ ಬೇರೆಯವರ ಕಾಂಟ್ಯಾಕ್ಟ್ ಅಕ್ಕನ ಫೋನಿಗೆ ಬಂತು. ಫೋಟೋ ಬ್ಯಾಕಪ್ ಆನ್ ಇತ್ತು, ಅಕ್ಕನ ಫೋಟೋಗಳೂ ಅಲ್ಲಿಗೇ ಹೊರಟವು. ಗೂಗಲ್ ಒಂದು ಖಾತೆಗೆ ಪುಕ್ಕಟೆ ಕೊಡುವ ಜಾಗ 15 ಜಿಬಿ. ಅಷ್ಟು ಜನರ ಫೋಟೋಕ್ಕೆ ಅದು ಎಷ್ಟು ದಿನ ಸಾಕು? ತುಂಬಿತು. ‘ಜಾಗ ತುಂಬಿದೆ’ ಅಂತ ಬರುತ್ತಿದ್ದದ್ದು ಫೋನಿನ ಜಾಗದ ಮಾತಲ್ಲ, ಆ ಪೆಟ್ಟಿಗೆಯ ಮಾತು. ತುಂಬಿದ್ದೇ ಒಳ್ಳೇದಾಯಿತು, ಅಕ್ಕನ ಆರುನೂರು ಚಿಲ್ಲರೆ ಫೋಟೋ ಹೋದಮೇಲೆ ಮಿಕ್ಕವು ಹೋಗಲಿಲ್ಲ.

ಈ ಎರಡು ಗುರುತು ನೆನಪಿಟ್ಟುಕೊಳ್ಳಿ: ಅಪರಿಚಿತರ ನಂಬರ್, ಹೊಸ ಫೋನಿನಲ್ಲಿ ಬೇಗನೆ ಬರುವ ಜಾಗ ತುಂಬಿದ ಸಂದೇಶ. ಕಂಡರೆ ಸೆಟ್ಟಿಂಗ್ಸ್ ಒಳಗೆ ಹೋಗಿ Accounts ಎಂದು ಹುಡುಕಿ. ಅಲ್ಲಿ ನಿಮ್ಮದಲ್ಲದ ಜಿಮೇಲ್ ಇದ್ದರೆ ಅಂಗಡಿಯವರದ್ದೇ ಎಂದುಕೊಳ್ಳಿ. ಇದು ಬರೀ ಫೋಟೋ ವಿಷಯವಲ್ಲ. ಆ ಖಾತೆಯ ಪಾಸ್‌ವರ್ಡ್ ಇರುವವರು ಕಳೆದ ಫೋನು ಹುಡುಕುವ ಗೂಗಲ್ ಸೇವೆಯಲ್ಲಿ ನಿಮ್ಮ ಫೋನು ಎಲ್ಲಿದೆ ಎಂದು ನೋಡಬಹುದು. ದೂರದಿಂದಲೇ ಫೋನನ್ನು ಪೂರ್ತಿ ಅಳಿಸಲೂಬಹುದು. ಮುಂದೆ ಫೋನು ಲಾಕ್ ಆಗಿ ರೀಸೆಟ್ ಮಾಡಬೇಕಾಗಿ ಬಂದರೆ, ಅದು ಆ ಜಿಮೇಲಿನ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಫೋನಿನ ಬೀಗದ ಕೈ ಅಂಗಡಿಯಲ್ಲಿ.

ಸರಿ, ಬಿಡಿಸಿದ್ದು ಹೇಗೆ? ಇಲ್ಲಿ ಅವಸರ ಮಾಡಿದರೆ ನಷ್ಟ. ಖಾತೆಯನ್ನು ಸುಮ್ನೆ ತೆಗೆದುಬಿಟ್ಟರೆ ಅದರಲ್ಲಿ ಸೇವ್ ಆದ ಕಾಂಟ್ಯಾಕ್ಟ್ ಎಲ್ಲ ಫೋನಿನಿಂದ ಹೋಗುತ್ತವೆ. ಅಕ್ಕನ ಹಳೆ ಫೋನು ಮನೆಯಲ್ಲಿತ್ತಲ್ಲ, ಅದನ್ನು ತರಿಸಿದೆ. ಗೆರೆಗಳ ನಡುವೆಯೇ ಅದರ 312 ಕಾಂಟ್ಯಾಕ್ಟನ್ನು ಒಂದು ಫೈಲ್ ಮಾಡಿ ತೆಗೆದೆ. ಕಾಂಟ್ಯಾಕ್ಟ್ ಆಪ್‌ನಲ್ಲಿ Export ಎಂದಿರುತ್ತದೆ, .vcf ಎಂಬ ಫೈಲ್ ಬರುತ್ತದೆ. ಅಕ್ಕನ ಮಗಳ ಸಹಾಯದಿಂದ ಅವರದ್ದೇ ಜಿಮೇಲಿನ ಪಾಸ್‌ವರ್ಡ್ ಸರಿಮಾಡಿ, ಅದನ್ನು ಹೊಸ ಫೋನಿಗೆ ಹಾಕಿ, ಈ ಫೈಲನ್ನು ಅದರೊಳಗೆ ಸೇರಿಸಿದೆವು. ಈ ಎರಡು ತಿಂಗಳಲ್ಲಿ ಹೊಸದಾಗಿ ಸೇವ್ ಮಾಡಿದ ಇಪ್ಪತ್ತು ನಂಬರ್ ಅಕ್ಕನೇ ನೆನಪಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದರು. ಫೋಟೋಗಳು ಫೋನಿನ ಒಳಗೂ ಇವೆಯಾ ಎಂದು ನೋಡಿದೆವು. ಇದ್ದವು, ಯಾಕೆಂದರೆ ಅವರು Free up space ಒತ್ತಿರಲಿಲ್ಲ. ಒತ್ತಿದ್ದರೆ ಬ್ಯಾಕಪ್ ಆದವು ಫೋನಿನಿಂದ ಹೋಗಿ ಅಂಗಡಿಯ ಖಾತೆಯಲ್ಲಷ್ಟೇ ಉಳಿಯುತ್ತಿದ್ದವು. ಇಷ್ಟೆಲ್ಲ ಆದಮೇಲೆಯೇ ಅಂಗಡಿಯ ಖಾತೆ ತೆಗೆದದ್ದು.

ಫೋನು ಸರಿಯಾಯಿತು. ಆದರೆ ಕಾಪಿ? ಅದು ಅಂಗಡಿಯ ಖಾತೆಯಲ್ಲಿ ಹಾಗೇ ಇದೆ. ಅಕ್ಕನ ಜೊತೆ ನಾನೂ ಹೋದೆ. ಜಗಳಕ್ಕಲ್ಲ. ಮಾಲೀಕರು ಒಳ್ಳೆಯವರೇ, ಹೀಗಾಗಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಖಾತೆ ತೆರೆಸಿ ಅದರ ಭದ್ರತೆಯ ಪುಟದಲ್ಲಿ Your devices ನೋಡಿಸಿದೆ. ಹದಿನೇಳು ಫೋನು. ಅವರ ಮುಖ ನೋಡಬೇಕಿತ್ತು. ಅಕ್ಕನ ಫೋಟೋಗಳನ್ನು ಆರಿಸಿ ಅಳಿಸಿದೆವು. ಅಳಿಸಿದರೆ ಮುಗಿಯಲಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ ಅಳಿಸಿದರೂ 60 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಕಾಂಟ್ಯಾಕ್ಟ್ ಆದರೆ 30 ದಿನ. ಎರಡೂ ಕಡೆ ಟ್ರ್ಯಾಶ್‌ನಲ್ಲಿದ್ದ ಅಕ್ಕನವುಗಳನ್ನು ಪೂರ್ತಿ ತೆಗೆಸಿದೆವು. ಕಾಂಟ್ಯಾಕ್ಟ್ ಅಳಿಸುವಾಗ ಹಳೆ ಫೋನಿನ ಪಟ್ಟಿ ಹಿಡಿದು ಕೂತೆವು, ಯಾಕೆಂದರೆ ಬೇರೆಯವರದ್ದು ಅಳಿಸಿದರೆ ಅವರ ಫೋನಿನಿಂದಲೂ ಹೋಗುತ್ತದೆ. ಅವತ್ತು ಸಂಜೆ ಎರಡು ಸಲ ಟೀ ಆಯಿತು. ಮಿಕ್ಕ ಹದಿನಾರು ಜನರನ್ನು ಕರೆದು ಇದನ್ನೇ ಮಾಡುತ್ತೇನೆ ಎಂದರು ಮಾಲೀಕರು.

ಆಮೇಲೆ ಹೊರಡುವಾಗ ನಾನು ಒಂದು ಮಾತು ಕೇಳಿದೆ: ‘ಸ್ಕ್ರೀನಿನಲ್ಲಿ ಗೆರೆ ಇದ್ದ ಫೋನಿನಿಂದ ಡೇಟಾ ತೆಗೆದದ್ದು ಹೇಗೆ?’ ಹುಡುಗ ಕಂಪ್ಯೂಟರಿನ ಕಡೆ ನೋಡಿದ. ಡಿ ಡ್ರೈವ್. ‘ಅಕ್ಕ ಪೊನ್ನಂಪೇಟೆ’. 22 ಜಿಬಿ.

ಈಗ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಡೇಟಾ ಹಾಕುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಹಳೆ ಫೋನಿನಿಂದ ಹೊಸ ಫೋನಿಗೆ ನೇರವಾಗಿ, ಕೇಬಲ್ ಹಾಕಿಯೋ ವೈಫೈ ಮೇಲೋ. ಹೊಸ ಆಂಡ್ರಾಯ್ಡ್ ಫೋನು ಮೊದಲ ಸಲ ಆನ್ ಮಾಡಿದಾಗ ತಾನೇ ಕೇಳುತ್ತದೆ, ಹಳೆ ಫೋನಿನಿಂದ ತರಲಾ ಎಂದು. ಸ್ಯಾಮ್ಸಂಗ್‌ನಲ್ಲಿ ಸ್ಮಾರ್ಟ್ ಸ್ವಿಚ್ ಇದೆ. ಐಫೋನಿನಿಂದ ಐಫೋನಿಗೆ ಪಕ್ಕ ಪಕ್ಕ ಇಟ್ಟರೆ ಸಾಕು. ಎರಡನೆಯದು, ಹಳೆ ಫೋನಿನಿಂದ ಮೊದಲು ಅಂಗಡಿಯ ಯಾವುದೋ ಸಾಮಾನಿಗೆ, ಅಲ್ಲಿಂದ ಹೊಸ ಫೋನಿಗೆ. ಆ ಸಾಮಾನು ಕಂಪ್ಯೂಟರ್ ಇರಬಹುದು, ಪೆನ್‌ಡ್ರೈವ್ ಇರಬಹುದು, ಹುಡುಗನ ಸ್ವಂತ ಫೋನೂ ಇರಬಹುದು. ಮೊದಲ ದಾರಿಯಲ್ಲಿ ಮೂರನೆಯ ಕಾಪಿ ಹುಟ್ಟುವುದೇ ಇಲ್ಲ. ಎರಡನೆಯದರಲ್ಲಿ ಹುಟ್ಟಿಯೇ ಹುಟ್ಟುತ್ತದೆ.

ಹಾಗಾಗಿ ಅಂಗಡಿಯಲ್ಲಿ ನೀವು ಕೇಳಬೇಕಾದ ಮೊದಲ ಮಾತು ‘ಎಷ್ಟಾಗುತ್ತೆ’ ಅಲ್ಲ. ‘ಫೋನಿಂದ ಫೋನಿಗೇ ಹಾಕ್ತೀರಾ, ಕಂಪ್ಯೂಟರ್‌ಗೆ ಹಾಕ್ತೀರಾ?’ ಅಷ್ಟೇ. ಫೋನಿಂದ ಫೋನಿಗೆ ಅಂದರೆ ಸುಮ್ಮನೆ ಕೂತು ನೋಡಿ. ಕಂಪ್ಯೂಟರ್ ಅಂದರೆ ‘ಯಾಕೆ?’ ಎಂದು ಕೇಳಿ. ಕೆಲವು ಸಲ ಕಾರಣ ನಿಜವಾಗಿಯೂ ಇರುತ್ತದೆ. ಟಚ್ ಕೆಲಸ ಮಾಡುವುದಿಲ್ಲ, ಹಳೆ ಫೋನು ಮಧ್ಯೆ ಮಧ್ಯೆ ಆಫ್ ಆಗುತ್ತದೆ, ಅಂಥ ಕಾರಣ. ಫೋನೆರಡೂ ಚೆನ್ನಾಗಿದ್ದು ‘ಅದೇ ಈಸಿ’ ಎಂದರೆ ಒಪ್ಪಬೇಡಿ. ಈಸಿ ಅವರಿಗೆ.

ಹೊತ್ತು ಎಷ್ಟು ಬೇಕು? ಕೇಬಲ್ ಹಾಕಿದರೆ 40 ಜಿಬಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ, ಸಣ್ಣ ಸಣ್ಣ ಫೈಲ್ ಜಾಸ್ತಿ ಇದ್ದರೆ ಇನ್ನೂ ಹಿಡಿಯುತ್ತದೆ. ಅಂಗಡಿಯಲ್ಲಿ ಇಟ್ಟು ಸಾಮಾನು ತರಲು ಹೋಗುವ ಅಭ್ಯಾಸ ನಮಗೆಲ್ಲ ಇದೆ. ಫೋನನ್ನು ಗಿರಣಿಗೆ ಕೊಟ್ಟ ಕಾಫಿ ಬೀಜದ ಹಾಗೆ ಬಿಟ್ಟು ಹೋಗುತ್ತೇವೆ. ಬಿಟ್ಟು ಹೋಗಬೇಕಾದರೆ ಪಿನ್ ಹೇಳಿ ಹೋಗಬೇಕಾಗುತ್ತದೆ, ಯಾಕೆಂದರೆ ಲಾಕ್ ತೆಗೆಯದೆ ಡೇಟಾ ಹೋಗುವುದಿಲ್ಲ. ಕೂತರೆ ಪಿನ್ ನೀವೇ ಒತ್ತಬಹುದು.

ಪಿನ್ ವಿಷಯ ಬಂತು, ಸ್ವಲ್ಪ ನಿಲ್ಲುತ್ತೇನೆ. ಬಿಲ್ಲಿನ ಹಿಂದೆಯೋ ಫೋನಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೋ ಪಿನ್ ಬರೆಯುವುದನ್ನು ನೀವು ನೋಡಿದ್ದೀರಿ. ನಾನೂ ಬರೆದುಕೊಂಡಿದ್ದೇನೆ. ಈಗಿನ ಫೋನುಗಳ ಒಳಗಿರುವ ಡೇಟಾ ಕಲಸಿಟ್ಟ ಅಕ್ಷರದ ಹಾಗೆ ಇರುತ್ತದೆ. ಅದನ್ನು ಬಿಡಿಸಿ ಓದಲು ಬೇಕಾದ ಕೀಗೂ ನಿಮ್ಮ ಪಿನ್ನಿಗೂ ಸಂಬಂಧ ಇದೆ. ಪಿನ್ ಗೊತ್ತಿಲ್ಲದವನಿಗೆ ಹಾಳಾದ ಫೋನಿನಿಂದ ಏನನ್ನಾದರೂ ತೆಗೆಯುವುದು ತುಂಬ ಕಷ್ಟ. ಪಿನ್ ಚೀಟಿ ಜೊತೆಗಿದ್ದರೆ ಡಿಸ್‌ಪ್ಲೇ ಬದಲಿಸಿದ ದಿನವೇ ಎಲ್ಲ ಸಿಗುತ್ತದೆ. ಇನ್ನೂ ಒಂದಿದೆ. ಹಲವರ ಫೋನಿನಲ್ಲಿ ದುಡ್ಡಿನ ಆಪ್ ತೆರೆಯುವುದೂ ಇದೇ ಪಿನ್ನಿನಿಂದ. ಕೊಡಲೇಬೇಕಾಗಿ ಬಂದರೆ ಮನೆಯಲ್ಲೇ 2580 ಥರ ಒಂದು ತಾತ್ಕಾಲಿಕ ಪಿನ್ ಇಟ್ಟುಕೊಂಡು ಹೋಗಿ, ಕೆಲಸ ಮುಗಿದ ಕೂಡಲೇ ಬದಲಿಸಿ. ಯುಪಿಐ ಪಿನ್ ಮಾತ್ರ ಯಾರು ಕೇಳಿದರೂ ಇಲ್ಲ. ಡೇಟಾ ಹಾಕುವ ಕೆಲಸಕ್ಕೆ ಅದು ಬೇಕಾಗುವುದೇ ಇಲ್ಲ. ದುಡ್ಡಿನ ಆಪ್ ಹೊಸ ಫೋನಿನಲ್ಲಿ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ಹೊಸದಾಗಿಯೇ ಶುರುವಾಗಬೇಕು, ಅದನ್ನು ಮನೆಗೆ ಬಂದು ನೀವೇ ಮಾಡಿ.

ವಾಟ್ಸಾಪ್ ಎಲ್ಲರಿಗೂ ಜೀವ, ಅಲ್ವಾ? ಅದನ್ನು ಸಾಗಿಸಲು ಅಂಗಡಿಯವರ ಕಂಪ್ಯೂಟರ್ ಬೇಕಿಲ್ಲ. 2023ರಲ್ಲಿ ವಾಟ್ಸಾಪ್ ತನ್ನೊಳಗೇ ಒಂದು ದಾರಿ ಕೊಟ್ಟಿತು. ಹಳೆ ಫೋನಿನ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ Chats, ಅದರೊಳಗೆ Transfer chats. ಎರಡೂ ಫೋನು ವೈಫೈ ಆನ್ ಆಗಿ ಪಕ್ಕದಲ್ಲಿರಬೇಕು. ಒಂದರಲ್ಲಿ ಚೌಕದ ಕೋಡ್ ಬರುತ್ತದೆ, ಇನ್ನೊಂದರಿಂದ ಸ್ಕ್ಯಾನ್ ಮಾಡುತ್ತೀರಿ. ಎರಡೂ ಆಂಡ್ರಾಯ್ಡ್ ಆಗಿರಬೇಕು ಅಥವಾ ಎರಡೂ ಐಫೋನ್ ಆಗಿರಬೇಕು, ನಂಬರೂ ಅದೇ ಇರಬೇಕು.

ಹುಡುಗ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿಸಿಕೊಂಡರೆ ಎಚ್ಚರ. ಫೈಲ್ ಕಳಿಸಲು ಅದು ಸುಲಭ ದಾರಿ, ಆದರೆ ಅವನು ಲಾಗ್ ಔಟ್ ಮಾಡುವುದನ್ನು ಮರೆತರೆ ನಿಮಗೆ ಬರುವ ಹೊಸ ಮೆಸೇಜ್ ಅಲ್ಲೂ ಕಾಣುತ್ತಿರುತ್ತದೆ. ನಿಮ್ಮ ಫೋನು ಮನೆಯಲ್ಲಿ ಆಫ್ ಆಗಿದ್ದರೂ ಕಾಣುತ್ತದೆ. ಅಂಗಡಿಯಿಂದ ಮೆಟ್ಟಿಲು ಇಳಿಯುವ ಮೊದಲು ವಾಟ್ಸಾಪ್‌ನಲ್ಲಿ Linked devices ತೆರೆದು ನೋಡಿ. ಅಲ್ಲಿ ಏನೇ ಇದ್ದರೂ, ನಿಮ್ಮದು ಎಂದು ಖಾತ್ರಿ ಇಲ್ಲದಿದ್ದರೆ ಲಾಗ್ ಔಟ್ ಒತ್ತಿ.

ಒಬ್ಬ ಅಣ್ಣ ಕೇಳಿದರು: ‘ವಾಟ್ಸಾಪ್ ಬ್ಯಾಕಪ್ ಫೈಲ್ ಅಂಗಡಿಯಲ್ಲಿ ಉಳಿದರೆ ನಮ್ಮ ಮೆಸೇಜ್ ಓದಬಹುದಾ?’ ಒಳ್ಳೆ ಪ್ರಶ್ನೆ. ಮೆಸೇಜುಗಳ ಫೈಲು ಕಲಸಿಟ್ಟಿರುತ್ತದೆ, ನಿಮ್ಮ ನಂಬರಿಗೆ ಬರುವ ಒಟಿಪಿ ಇಲ್ಲದೆ ಅದನ್ನು ಬೇರೆ ಫೋನಿನಲ್ಲಿ ತೆರೆಯಲು ಆಗುವುದಿಲ್ಲ. ಆದರೆ ವಾಟ್ಸಾಪ್ ಫೋಲ್ಡರಿನಲ್ಲಿ ಅದರ ಪಕ್ಕದಲ್ಲೇ Media ಎಂಬ ಫೋಲ್ಡರ್ ಇದೆ. ಅದರೊಳಗಿನ ಫೋಟೋ, ವಿಡಿಯೋ, ಪಿಡಿಎಫ್ ಹಾಗೇ ಇರುತ್ತವೆ. ಯಾರು ಬೇಕಾದರೂ ಡಬಲ್ ಕ್ಲಿಕ್ ಮಾಡಿ ನೋಡಬಹುದು. ಪಹಣಿ, ಜಮ್ಮಾ ಜಾಗದ ಕಾಗದ, ಕೋವಿಯ ವಿನಾಯಿತಿ ಪತ್ರ, ಮಿಲಿಟರಿ ಪಿಂಚಣಿಯ ಪುಸ್ತಕ, ಆಸ್ಪತ್ರೆಯ ರಿಪೋರ್ಟ್, ಎಲ್ಲ ನಾವು ವಾಟ್ಸಾಪ್‌ನಲ್ಲೇ ಕಳಿಸುತ್ತೇವೆ. ಅವೆಲ್ಲ ಆ ಫೋಲ್ಡರಿನಲ್ಲೇ ಕೂತಿರುತ್ತವೆ. ಮೆಸೇಜಿನ ಬಗ್ಗೆ ಹೆದರುವವರು ಇದರ ಬಗ್ಗೆ ಯೋಚಿಸಿರುವುದಿಲ್ಲ.

ಇನ್ನು ಕಂಪ್ಯೂಟರಿಗೆ ಹಾಕಲೇಬೇಕಾಯಿತು ಅಂದುಕೊಳ್ಳಿ. ಅಳಿಸಿದ್ದೇನೆ ಎಂದು ಹುಡುಗ ಹೇಳುತ್ತಾನೆ. ಸುಳ್ಳಲ್ಲ. ಆದರೆ ಡಿಲೀಟ್ ಎಂದರೆ ಏನು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲ ಸಲ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್ನಿಗೆ ಹೋಗುತ್ತದೆ. ಅದು ಕಸದ ಬುಟ್ಟಿ, ಕಸದ ಲಾರಿ ಅಲ್ಲ. ಬುಟ್ಟಿಯನ್ನೂ ಖಾಲಿ ಮಾಡಿದರು ಅನ್ನಿ. ಆಗಲೂ ಹಾರ್ಡ್ ಡಿಸ್ಕಿನಲ್ಲಿ ಹೋಗುವುದು ಫೈಲಿನ ವಿಳಾಸ ಮಾತ್ರ. ‘ಈ ಜಾಗ ಖಾಲಿ, ಯಾರು ಬೇಕಾದರೂ ಬರೆಯಿರಿ’ ಎಂದು ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತದೆ. ಅದರ ಮೇಲೆ ಬೇರೆಯದು ಬರೆಯುವ ತನಕ ಹಳೆಯದು ಕೆಳಗೆ ಇದ್ದೇ ಇರುತ್ತದೆ. ಅದನ್ನು ಎತ್ತಿ ಕೊಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಗಿರಾಕಿಗಳು ಅಳಿಸಿಕೊಂಡ ಮದುವೆ ಫೋಟೋ ಮೆಮೊರಿ ಕಾರ್ಡಿನಿಂದ ತೆಗೆದುಕೊಟ್ಟು ನಾನೇ ದುಡ್ಡು ತಗೊಂಡಿದ್ದೇನೆ. ಅದೇ ಸಾಫ್ಟ್‌ವೇರ್ ಆ ಕಂಪ್ಯೂಟರಿನಲ್ಲೇ ಇತ್ತು.

ಪೆನ್‌ಡ್ರೈವಿನ ಮೇಲೆ ಡಿಲೀಟ್ ಮಾಡಿದರೆ ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ, ನೇರ ಹೋಯಿತು ಎನಿಸುತ್ತದೆ. ಅಲ್ಲೂ ಕಥೆ ಇದೇ. ಅದಕ್ಕೆ ಪೆನ್‌ಡ್ರೈವ್ ಬೇಕಾದರೆ ನಿಮ್ಮದೇ ತಗೊಂಡು ಹೋಗಿ, ವಾಪಸ್ ಮನೆಗೆ ತನ್ನಿ. ಕೆಲವು ನೂರು ರೂಪಾಯಿಯ ಸಾಮಾನು, ಅಷ್ಟಕ್ಕೆ ಯಾಕೆ ತಲೆನೋವು?

ಅಕ್ಕನ 22 ಜಿಬಿಗೆ ನಾವು ಮಾಡಿಸಿದ್ದು ಹೀಗೆ. ಫೋಲ್ಡರ್ ಡಿಲೀಟ್, ಬಿನ್ ಖಾಲಿ. ಆಮೇಲೆ ವಿಂಡೋಸ್‌ನಲ್ಲೇ ಇರುವ ಒಂದು ಆಜ್ಞೆ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು ಇದನ್ನು ಬರೆಯುವುದು:

```
cipher /w:D:\
```

ಇದು ಡಿ ಡ್ರೈವಿನ ಖಾಲಿ ಜಾಗದ ಮೇಲೆ ಮಾತ್ರ ಮೂರು ಸಲ ಸುಮ್ನೆ ಏನೋ ಬರೆಯುತ್ತದೆ. ಇರುವ ಫೈಲುಗಳನ್ನು ಮುಟ್ಟುವುದಿಲ್ಲ, ಹಾಗಾಗಿ ಅಂಗಡಿಯವರಿಗೂ ಹೆದರಿಕೆ ಬೇಡ. ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಂಗಡಿ ಮುಚ್ಚುವಾಗ ಹಾಕಿ ಹೋದರೆ ಬೆಳಿಗ್ಗೆ ಮುಗಿದಿರುತ್ತದೆ. ಕೊಡಗಿನ ಮಳೆಗಾಲದಲ್ಲಿ ಯುಪಿಎಸ್ ಇದ್ದರೆ, ಅಂತ ಸೇರಿಸಿಕೊಳ್ಳಿ. ಹೊಸ ಕಂಪ್ಯೂಟರುಗಳಲ್ಲಿ ಹಳೆ ಥರದ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರುತ್ತದೆ. ಅಲ್ಲಿ ಅಳಿಸಿದ ಜಾಗವನ್ನು ಸಾಮಾನ್ಯವಾಗಿ ಡಿಸ್ಕೇ ಸ್ವಲ್ಪ ಹೊತ್ತಿನಲ್ಲಿ ಒರೆಸಿಹಾಕುತ್ತದೆ, ಬಿನ್ ಖಾಲಿ ಮಾಡಿಸಿದರೆ ಸಾಕಷ್ಟಾಯಿತು.

ಇಷ್ಟೆಲ್ಲ ಕೇಳಿದರೆ ಅಂಗಡಿಯವರು ಬೇಜಾರಾಗುವುದಿಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಆಗುತ್ತಾರೆ. ಕೇಳುವುದನ್ನು ಮೊದಲೇ ಕೇಳಿದರೆ ಆಗುವುದಿಲ್ಲ. ‘ಕೊನೆಗೆ ನನ್ನೆದುರಿಗೆ ಫೋಲ್ಡರ್ ಅಳಿಸಿ ಬಿನ್ ಖಾಲಿ ಮಾಡ್ಬೇಕು, ಆಗುತ್ತಾ?’ ಎಂದು ಕೆಲಸಕ್ಕೆ ಕೈ ಹಾಕುವ ಮೊದಲೇ ಹೇಳಿ. ಆಗುತ್ತದೆ ಅನ್ನುತ್ತಾರೆ. ಆಗಲ್ಲ ಅಂದರೆ ಗೋಣಿಕೊಪ್ಪಲಿನಲ್ಲಿ ಇರುವುದು ಅದೊಂದೇ ಅಂಗಡಿಯಲ್ಲ. ಇನ್ನೊಂದು: ಅಂಗಡಿಯವರು Developer options ಒಳಗೆ ಹೋಗಿ ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡಲು ಬಿಡುವ USB debugging ಆನ್ ಮಾಡಿದ್ದರೆ, ಮುಗಿದ ಮೇಲೆ ಆಫ್ ಮಾಡಿಸಿ. ಆ ಕಂಪ್ಯೂಟರನ್ನು ನಿಮ್ಮ ಫೋನು ಮತ್ತೆ ನಂಬುವುದು ಬೇಡ.

ಈಗ ಹಳೆ ಫೋನು. ಎಕ್ಸ್‌ಚೇಂಜಿಗೆ ಕೊಡುವುದಾದರೆ ಅದೇ ದಿನ ಕೊಡಬೇಡಿ ಎಂಬುದು ನನ್ನ ಹಟ. ಅಂಗಡಿಯವರು ಒಪ್ಪುವುದಾದರೆ ಒಂದು ವಾರ ಇಟ್ಟುಕೊಳ್ಳಿ. ಯಾಕೆಂದರೆ ಏನು ಬಂದಿಲ್ಲ ಎಂದು ಗೊತ್ತಾಗುವುದು ಬಳಸಿದಾಗಲೇ. ಮನೆಯಿಂದ ಹೊರಡುವ ಮೊದಲು ಹಳೆ ಫೋನಿನಲ್ಲಿ ಎಷ್ಟು ಕಾಂಟ್ಯಾಕ್ಟ್, ಗ್ಯಾಲರಿಯಲ್ಲಿ ಎಷ್ಟು ಫೋಟೋ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಹೊಸದರಲ್ಲಿ ಅಷ್ಟೇ ಇದೆಯಾ ನೋಡಿ. ಅಕ್ಕನ 312 ನಮಗೆ ಸಿಕ್ಕಿದ್ದು ಹಳೆ ಫೋನು ಇದ್ದುದರಿಂದ.

ಕೊಡುವ ದಿನ ಮೊದಲು ಸಿಮ್ ತೆಗೆಯಿರಿ, ಮೆಮೊರಿ ಕಾರ್ಡ್ ತೆಗೆಯಿರಿ. ಕಾರ್ಡನ್ನು ಮರೆಯುವವರೇ ಹೆಚ್ಚು, ಅದು ಸಿಮ್ ಟ್ರೇಯಲ್ಲೇ ಇರುತ್ತದೆ. ಫೋನಿನ ಒಳಗಿನ ಡೇಟಾ ಕಲಸಿಟ್ಟಿದ್ದರೂ ಕಾರ್ಡಿನಲ್ಲಿ ಇರುವುದು ಸಾಮಾನ್ಯವಾಗಿ ಬಿಚ್ಚುಮನಸ್ಸಿನದ್ದು, ಯಾವ ಕಂಪ್ಯೂಟರಿಗೆ ಹಾಕಿದರೂ ಓದುತ್ತದೆ. ಆಮೇಲೆ ಗೂಗಲ್ ಖಾತೆ ತೆಗೆಯಿರಿ, ಕೊನೆಗೆ ಸೆಟ್ಟಿಂಗ್ಸ್‌ನಿಂದ ಪೂರ್ತಿ ರೀಸೆಟ್. ಐಫೋನಾದರೆ Find My ಆಫ್ ಮಾಡಿ Erase All Content and Settings. ರೀಸೆಟ್ ನೀವೇ ಮಾಡಿ, ಆಮೇಲೆ ಕೊಡಿ. ‘ನಾವು ಮಾಡ್ಕೋತೀವಿ ಬಿಡಿ’ ಅನ್ನುವ ಮಾತು ನಾನೂ ನೂರಾರು ಸಲ ಆಡಿದ್ದೇನೆ. ಸಂಜೆ ಫೋನುಗಳ ರಾಶಿ ನೋಡಿ ನಾಳೆ ಎಂದಿದ್ದೇನೆ.

ರೀಸೆಟ್ ಮಾಡಿದರೆ ಪೂರ್ತಿ ಹೋಗುತ್ತದಾ? ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದರ ಜೊತೆಗೇ ಬಂದ ಫೋನಾದರೆ, ಹೋಗುತ್ತದೆ. ಅವುಗಳಲ್ಲಿ ಡೇಟಾ ಕಲಸಿಡುವುದು ಕಡ್ಡಾಯ. ರೀಸೆಟ್ ಮಾಡಿದಾಗ ಬಿಡಿಸುವ ಕೀಯೇ ನಾಶವಾಗುತ್ತದೆ, ಉಳಿದದ್ದು ಯಾರಿಗೂ ಓದಲಾಗದ ಗೊಜ್ಜು. ಅದಕ್ಕಿಂತ ಹಳೆಯ, ಅಗ್ಗದ ಫೋನಿನ ಮೇಲೆ ನಾನು ಅಷ್ಟು ನಂಬಿಕೆ ಇಡುವುದಿಲ್ಲ. ಅದಕ್ಕೊಂದು ಹಳ್ಳಿ ಉಪಾಯ ಇದೆ. ಒಂದು ಸಲ ರೀಸೆಟ್ ಮಾಡಿ, ಜಿಮೇಲ್ ಹಾಕದೆ ಕ್ಯಾಮೆರಾ ತೆರೆದು, ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ವಿಡಿಯೋ ಆನ್ ಮಾಡಿ. ಜಾಗ ತುಂಬುವ ತನಕ ಕತ್ತಲೆಯನ್ನೇ ರೆಕಾರ್ಡ್ ಮಾಡಲಿ. ನಡುವೆ ನಿಂತರೆ ಮತ್ತೆ ಶುರು ಮಾಡಿ. ತುಂಬಿದ ಮೇಲೆ ಇನ್ನೊಂದು ಸಲ ರೀಸೆಟ್. ಹಳೆಯದರ ಮೇಲೆ ಹೆಚ್ಚುಕಡಿಮೆ ಎಲ್ಲ ಕಡೆ ಕತ್ತಲೆ ಬರೆದಾಯಿತು.

ಆನ್ ಆಗದೇ ಸತ್ತ ಫೋನನ್ನು ನಾನು ಎಕ್ಸ್‌ಚೇಂಜಿಗೆ ಕೊಡುವುದಿಲ್ಲ. ಸತ್ತಿರುವುದು ಬ್ಯಾಟರಿಯೋ ಡಿಸ್‌ಪ್ಲೇಯೋ ಇರಬಹುದು, ಮೆಮೊರಿ ಚಿಪ್ ಬದುಕಿರುತ್ತದೆ. ಇನ್ನೂರು ರೂಪಾಯಿಗಾಗಿ ಅದನ್ನು ಯಾಕೆ ಕೊಡಬೇಕು, ಡ್ರಾಯರಿನಲ್ಲಿ ಇರಲಿ.

ಕಾನೂನಿನ ಬಗ್ಗೆ ಒಬ್ಬರು ಕೇಳಿದರು. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ, ನಮ್ಮ ಡೇಟಾ ಅಳಿಸಿ ಎಂದು ಕೇಳುವ ಹಕ್ಕು ಅದರಲ್ಲಿದೆ. ಯಾರಾದರೂ ಖಾಸಗಿ ಚಿತ್ರ ಹರಡಿದರೆ ಅದು ಅಪರಾಧ, ಪೊಲೀಸ್ ಠಾಣೆಗೋ cybercrime.gov.in ತಾಣಕ್ಕೋ ದೂರು ಕೊಡಬಹುದು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದಕ್ಕಿಂತ ಆಳಕ್ಕೆ ನಾನು ಹೋಗುವುದಿಲ್ಲ, ನಾನು ವಕೀಲನಲ್ಲ.

ಕೊನೆಗೆ ಎದ್ದು ನಿಂತವರು ಒಂದು ತೋಟದ ಲೆಕ್ಕ ಬರೆಯುವ ರೈಟರ್. ಅವರು ಕೇಳಿದ್ದು ನಾನು ಯೋಚಿಸಿರದ ಪ್ರಶ್ನೆ. ‘ಸಾರ್, ನನ್ನ ಫೋನಲ್ಲಿ ನನ್ನದೇನೂ ಗುಟ್ಟಿಲ್ಲ. ಆದ್ರೆ ಲೈನ್ ಮನೆಯವರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಫೋಟೋ ಹೊಡ್ಕೊಂಡಿದ್ದೀನಿ, ಕೂಲಿ ಹಾಕೋಕೆ. ಮುಂದಿನ ವಾರ ಫೋನ್ ಬದಲಾಯಿಸ್ತಿದ್ದೀನಿ. ಏನ್ ಮಾಡ್ಲಿ?’

ಅಂಗಡಿಗೆ ಹೋಗುವ ಮೊದಲು ಅವನ್ನು ತೋಟದ ಆಫೀಸಿನ ಕಂಪ್ಯೂಟರಿಗೆ ಹಾಕಿ ಫೋನಿನಿಂದ ತೆಗೆಯಿರಿ ಎಂದೆ. ವಾಟ್ಸಾಪ್‌ನಲ್ಲಿ ಬಂದದ್ದಿದ್ದರೆ ಅಲ್ಲೂ ನೋಡಿ. ಮುಂದೆ ಕೇಳುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಸಾಕಾಗುವ ಕಡೆ ಅದನ್ನೇ ತಗೊಳ್ಳಿ, ಆಧಾರ್ ತಾಣದಲ್ಲೇ ಅದು ಸಿಗುತ್ತದೆ. ಅವರು ಅಲ್ಲೇ ಕುರ್ಚಿಯಲ್ಲಿ ಕೂತು ಫೋನು ತೆರೆದರು. ಆಫೀಸಿನಲ್ಲಿ ಆಗಲೇ ಪ್ರತಿ ಇದೆಯಂತೆ. ಎಣಿಸಿ ಎಣಿಸಿ ಆರಿಸಿದರು, 46 ಚಿತ್ರ. ಡಿಲೀಟ್ ಒತ್ತಿ, ‘ಹೋಯ್ತು ಸಾರ್’ ಎಂದು ತಲೆ ಎತ್ತಿದರು.

‘ಟ್ರ್ಯಾಶ್ ಖಾಲಿ ಮಾಡಿದ್ರಾ ಅಣ್ಣ?’ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.